ಅಳೆಯದೇ ಸಿಗುವ ಬೈಕಾರ್ಬೊನೇಟ್

1952ರಲ್ಲಿ ಕೋಪನ್‌ಹೇಗನ್‌ನ ಬ್ಲೆಗ್ಡಮ್ ಆಸ್ಪತ್ರೆ ಪೋಲಿಯೊ ರೋಗಿಗಳಿಂದ ತುಂಬಿಹೋಗಿತ್ತು. ಉಸಿರಾಟದ ಸ್ನಾಯುಗಳು ಸೋತಿದ್ದವರ ರಕ್ತವನ್ನು ಪರೀಕ್ಷಿಸಿದರೆ ಅದರಲ್ಲಿ ಒಟ್ಟು ಇಂಗಾಲದ ಡೈಆಕ್ಸೈಡ್ ವಿಪರೀತ ಹೆಚ್ಚಾಗಿತ್ತು. ರಕ್ತದಲ್ಲಿ ಈ ಅನಿಲದ ಬಹುಪಾಲು ಇರುವುದು ಬೈಕಾರ್ಬೊನೇಟ್ ರೂಪದಲ್ಲಿ, ಬೈಕಾರ್ಬೊನೇಟ್ ಎಂದರೆ ಕ್ಷಾರ. ಹಾಗಾಗಿ ರಕ್ತ ಕ್ಷಾರೀಯವಾಗಿದೆ ಎಂದೇ ಅಲ್ಲಿನ ವೈದ್ಯರು ತಿಳಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್‌ಗೆ ಬೇರೆಯೇ ಅನುಮಾನ: ಇವರು ಉಸಿರು ಸಾಲದೆ ಇಂಗಾಲದ ಡೈಆಕ್ಸೈಡನ್ನು ಒಳಗೇ ಉಳಿಸಿಕೊಂಡಿದ್ದಾರೆ. ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ರಕ್ತದ ಪಿಎಚ್ ಅಳೆದು ನೋಡಿದರು. ರಕ್ತ ಆಮ್ಲೀಯವಾಗಿತ್ತು.

ಒಂದೇ ಬೈಕಾರ್ಬೊನೇಟ್ ಎರಡು ವಿರುದ್ಧ ಸ್ಥಿತಿಗಳಲ್ಲಿ ಹೇಗೆ ಸಿಗುತ್ತದೆ? ಲೀಟರಿಗೆ 36 ಮಿಲಿಮೋಲ್ ಇದೆ ಎಂದುಕೊಳ್ಳಿ. ಪಿಎಚ್ 7.55, ಇಂಗಾಲದ ಡೈಆಕ್ಸೈಡ್‌ನ ಒತ್ತಡ 43 ಮಿಲಿಮೀಟರ್ ಪಾದರಸ ಇದ್ದಾಗಲೂ ಅದು ಸುಮಾರು 36. ಪಿಎಚ್ 7.10, ಒತ್ತಡ 120 ಇದ್ದಾಗಲೂ 36. ಮೊದಲನೆಯವರ ರಕ್ತದಲ್ಲಿ ಕ್ಷಾರ ಹೆಚ್ಚಾಗಿದೆ, ಎರಡನೆಯವರು ಉಸಿರು ಸಾಲದೆ ಸಾಯುತ್ತಿದ್ದಾರೆ. ಬೈಕಾರ್ಬೊನೇಟ್ ಒಂದನ್ನೇ ನೋಡಿದರೆ ಇಬ್ಬರನ್ನು ಬೇರೆ ಮಾಡಲಾಗದು. ಪಿಎಚ್, ಒತ್ತಡ ಎರಡೂ ಗೊತ್ತಿದ್ದರೆ ಬೈಕಾರ್ಬೊನೇಟನ್ನು ಲೆಕ್ಕ ಹಾಕಿಯೇ ಪಡೆಯಬಹುದು. ರಕ್ತ ಅನಿಲ ಯಂತ್ರ ಮಾಡುವುದು ಅದನ್ನೇ. ಅದರ ಚೀಟಿಯಲ್ಲಿ ಪಿಎಚ್, ಇಂಗಾಲದ ಡೈಆಕ್ಸೈಡ್, ಆಮ್ಲಜನಕ, ಬೈಕಾರ್ಬೊನೇಟ್ ಸಾಲಾಗಿ ಮುದ್ರಣವಾಗುತ್ತವೆ. ಮೊದಲ ಮೂರು ಅಳತೆ, ನಾಲ್ಕನೆಯದು ಲೆಕ್ಕ.

ಪಿಎಚ್ ಎಲೆಕ್ಟ್ರೋಡ್‌ನ ಜೀವಾಳ ಒಂದು ತೆಳುವಾದ ವಿಶೇಷ ಗಾಜು. ಅದರ ಒಂದು ಬದಿಯಲ್ಲಿ ಆಮ್ಲೀಯತೆ ಗೊತ್ತಿರುವ ದ್ರಾವಣ, ಇನ್ನೊಂದು ಬದಿಯಲ್ಲಿ ರಕ್ತ. ಎರಡೂ ಬದಿಗಳ ಹೈಡ್ರೊಜನ್ ಅಯಾನುಗಳ ವ್ಯತ್ಯಾಸಕ್ಕೆ ತಕ್ಕಂತೆ ಗಾಜಿನ ಆಚೀಚೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದನ್ನು ಓದಲು ರಕ್ತದ ಕಡೆಯಲ್ಲಿ ಸ್ಥಿರ ವೋಲ್ಟೇಜಿನ ಇನ್ನೊಂದು ಎಲೆಕ್ಟ್ರೋಡ್ ಇರಲೇಬೇಕು. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ಒಂದು ಅಂಕ ಬದಲಾದರೆ ಈ ವೋಲ್ಟೇಜ್ ಸುಮಾರು 61.5 ಮಿಲಿವೋಲ್ಟ್ ಬದಲಾಗುತ್ತದೆ. ಆರೋಗ್ಯವಂತರ ಪಿಎಚ್ 7.35ರಿಂದ 7.45ರೊಳಗೆ ಇರುತ್ತದೆ. ಅಂದರೆ ಆ ಇಡೀ ಹರವು ಎಲೆಕ್ಟ್ರೋಡ್‌ಗೆ ಕೇವಲ 6 ಮಿಲಿವೋಲ್ಟ್. ಗಾಜಿನ ಮೇಲೆ ರಕ್ತದ ಪ್ರೋಟೀನ್ ಅಂಟಿದರೂ ಉಷ್ಣತೆ ತುಸು ಏರುಪೇರಾದರೂ ಓದು ತಪ್ಪುತ್ತದೆ. ಆಗಾಗ ಗೊತ್ತಿರುವ ದ್ರಾವಣಗಳಿಂದ ಯಂತ್ರವನ್ನು ಸರಿಹೊಂದಿಸುವುದು ಇದಕ್ಕಾಗಿ.

ಇಂಗಾಲದ ಡೈಆಕ್ಸೈಡ್ ಎಲೆಕ್ಟ್ರೋಡ್ ನನಗೆ ಇಡೀ ಯಂತ್ರದಲ್ಲೇ ಅತ್ಯಂತ ಸುಂದರವಾದ ಭಾಗ. ಒಳಗೆ ಇರುವುದು ಮತ್ತೊಂದು ಪಿಎಚ್ ಎಲೆಕ್ಟ್ರೋಡೇ. ಅದಕ್ಕೂ ರಕ್ತಕ್ಕೂ ನಡುವೆ ಒಂದು ಪ್ಲಾಸ್ಟಿಕ್ ಪೊರೆ ಇದೆ. ಅದು ಅನಿಲವನ್ನು ಒಳಗೆ ಬಿಡುತ್ತದೆ, ಅಯಾನುಗಳನ್ನು ತಡೆಯುತ್ತದೆ. ರಕ್ತದಿಂದ ಒಳಗೆ ಬಂದ ಇಂಗಾಲದ ಡೈಆಕ್ಸೈಡ್ ಅಲ್ಲಿನ ತೆಳು ದ್ರಾವಣದಲ್ಲಿ ಕಾರ್ಬೊನಿಕ್ ಆಮ್ಲವಾಗಿ ಅದರ ಪಿಎಚ್ ಇಳಿಸುತ್ತದೆ. 1954ರಲ್ಲಿ ರಿಚರ್ಡ್ ಸ್ಟೋ ಈ ಉಪಾಯ ಮುಂದಿಟ್ಟಾಗ ಪೊರೆಯ ಹಿಂದೆ ಬಟ್ಟಿ ಇಳಿಸಿದ ನೀರಿತ್ತು, ಅದರ ಓದು ನೆಲೆ ನಿಲ್ಲುತ್ತಿರಲಿಲ್ಲ. ಜಾನ್ ಸೆವರಿಂಗ್‌ಹೌಸ್ ಆ ನೀರಿಗೆ ಬೈಕಾರ್ಬೊನೇಟ್ ಸೇರಿಸಿದರು. ಓದು ಸ್ಥಿರವಾಯಿತು, ಸೂಕ್ಷ್ಮತೆಯೂ ಸರಿಸುಮಾರು ಇಮ್ಮಡಿಯಾಯಿತು. ಈಗ ಅನಿಲದ ಒತ್ತಡ ಎರಡರಷ್ಟಾದರೆ ಒಳಗಿನ ಪಿಎಚ್ ಸುಮಾರು 0.3 ಇಳಿಯುತ್ತದೆ.

ಆಮ್ಲಜನಕದ ದಾರಿ ಬೇರೆ. 1950ರ ದಶಕದಲ್ಲಿ ಲೀಲೆಂಡ್ ಕ್ಲಾರ್ಕ್ ರೂಪಿಸಿದ ಎಲೆಕ್ಟ್ರೋಡ್‌ನಲ್ಲಿ ವೋಲ್ಟೇಜನ್ನು ಓದುವುದಿಲ್ಲ, ಹೊರಗಿನಿಂದ ಕೊಡುತ್ತಾರೆ. ಪ್ಲಾಟಿನಂ ಕ್ಯಾಥೋಡ್ ಮತ್ತು ಬೆಳ್ಳಿಯ ಆನೋಡ್ ನಡುವೆ ಸುಮಾರು 0.6ರಿಂದ 0.7 ವೋಲ್ಟ್ ಇಟ್ಟರೆ, ಪೊರೆ ದಾಟಿ ಬಂದ ಪ್ರತಿ ಆಮ್ಲಜನಕ ಅಣು ನಾಲ್ಕು ಎಲೆಕ್ಟ್ರಾನ್‌ಗಳನ್ನು ತೆಗೆದುಕೊಳ್ಳುತ್ತದೆ. ಹರಿಯುವ ವಿದ್ಯುತ್ತಿನ ಪ್ರಮಾಣವೇ ಅಳತೆ. ಇದಕ್ಕೆ ಕಾಣುವುದು ರಕ್ತದಲ್ಲಿ ಕರಗಿರುವ ಆಮ್ಲಜನಕ ಮಾತ್ರ, ಹಿಮೊಗ್ಲೋಬಿನ್ ಹೊತ್ತಿರುವುದಲ್ಲ. ತೀವ್ರ ರಕ್ತಹೀನತೆ ಇರುವವರಲ್ಲೂ ಈ ಸಂಖ್ಯೆ ಚೆನ್ನಾಗಿಯೇ ಬರಬಹುದು.

ಇನ್ನು ಬೈಕಾರ್ಬೊನೇಟ್. ಹೆಂಡರ್‌ಸನ್ ಮತ್ತು ಹ್ಯಾಸೆಲ್‌ಬಾಖ್ ಹೆಸರಿನ ಸಮೀಕರಣ ಇದು:

```
pH = 6.1 + log( HCO3 / (0.03 × pCO2) )
```

HCO3 ಎಂದರೆ ಬೈಕಾರ್ಬೊನೇಟ್, pCO2 ಎಂದರೆ ಇಂಗಾಲದ ಡೈಆಕ್ಸೈಡ್‌ನ ಒತ್ತಡ. 6.1 ಕಾರ್ಬೊನಿಕ್ ಆಮ್ಲ ಎಷ್ಟು ಸುಲಭವಾಗಿ ಒಡೆಯುತ್ತದೆ ಎಂಬುದರ ಗುರುತು, 0.03 ಆ ಅನಿಲ ರಕ್ತದಲ್ಲಿ ಎಷ್ಟು ಕರಗುತ್ತದೆ ಎಂಬುದರ ಗುರುತು. ಪಿಎಚ್ 7.40, ಒತ್ತಡ 40 ಇರುವ ರಕ್ತವನ್ನು ತೆಗೆದುಕೊಳ್ಳೋಣ. 7.40ರಿಂದ 6.1 ಕಳೆದರೆ 1.30. ಹತ್ತರ ಘಾತ 1.30 ಎಂದರೆ ಸುಮಾರು 20. 0.03 ಗುಣಿಸು 40 ಎಂದರೆ 1.2. ಇಪ್ಪತ್ತನ್ನು 1.2ರಿಂದ ಗುಣಿಸಿದರೆ 24. ಚೀಟಿಯಲ್ಲಿ ಕಾಣುವುದು ಈ 24. ಸೆವರಿಂಗ್‌ಹೌಸರ ಎಲೆಕ್ಟ್ರೋಡ್‌ನ ಪೊರೆಯ ಹಿಂದೆಯೂ ಕೆಲಸ ಮಾಡುವುದು ಇದೇ ಸಂಬಂಧ. ಅಲ್ಲಿ ಬೈಕಾರ್ಬೊನೇಟ್ ಸ್ಥಿರ, ಪಿಎಚ್ ನೋಡಿ ಒತ್ತಡ ತಿಳಿಯುತ್ತೇವೆ. ಇಲ್ಲಿ ಪಿಎಚ್ ಮತ್ತು ಒತ್ತಡ ನೋಡಿ ಬೈಕಾರ್ಬೊನೇಟ್ ತಿಳಿಯುತ್ತೇವೆ.

ಲೆಕ್ಕದಿಂದ ಬಂದ ಸಂಖ್ಯೆಗೆ ಅಳತೆಯ ತಪ್ಪುಗಳೆಲ್ಲ ಹರಿದುಬರುತ್ತವೆ. ಪಿಎಚ್ ಓದು 0.03ರಷ್ಟು ಹೆಚ್ಚಾಗಿ ಬಂದರೂ ಘಾತದ ಲೆಕ್ಕದಲ್ಲಿ ಅದು ಶೇ 7ರ ತಪ್ಪು. 24 ಇರಬೇಕಾದ್ದು 25.7 ಎಂದು ಬರುತ್ತದೆ. ಆದರೆ ನಾನು ಹೆಚ್ಚು ಹೆದರುವುದು ಯಂತ್ರದ ತಪ್ಪಿಗಲ್ಲ, ಸಿರಿಂಜಿನಲ್ಲಿ ಆಗುವ ತಪ್ಪಿಗೆ. ಗಾಳಿಗುಳ್ಳೆ ಉಳಿದರೆ ಇಂಗಾಲದ ಡೈಆಕ್ಸೈಡ್ ಅದರೊಳಗೆ ಸೋರಿ ಒತ್ತಡ ಇಳಿಯುತ್ತದೆ, ಪಿಎಚ್ ಏರುತ್ತದೆ. ತಡಮಾಡಿದರೆ ರಕ್ತಕಣಗಳು ಆಮ್ಲಜನಕವನ್ನು ಬಳಸುತ್ತ ಹೋಗುತ್ತವೆ, ಪಿಎಚ್ ಇಳಿಯುತ್ತದೆ. ಇವು ಎಲ್ಲರಿಗೂ ಗೊತ್ತಿರುವ ತೊಂದರೆಗಳು. ಮೋಸಗೊಳಿಸುವುದು ಹೆಪಾರಿನ್.

ರಕ್ತ ಹೆಪ್ಪುಗಟ್ಟದಿರಲೆಂದು ಸಿರಿಂಜಿನಲ್ಲಿ ದ್ರವ ಹೆಪಾರಿನ್ ಇಟ್ಟು, ಅದನ್ನು ಪೂರ್ತಿ ಹೊರಚೆಲ್ಲದೆ ಸ್ವಲ್ಪವೇ ರಕ್ತ ಎಳೆದರು ಎಂದುಕೊಳ್ಳಿ. ಸಿರಿಂಜಿನಲ್ಲಿರುವುದರ ಐದನೇ ಒಂದು ಭಾಗ ಹೆಪಾರಿನ್ ದ್ರವ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಇಲ್ಲ, ಬೈಕಾರ್ಬೊನೇಟೂ ಇಲ್ಲ. ಹಾಗಾಗಿ 40 ಇದ್ದ ಒತ್ತಡ ಸುಮಾರು 32ಕ್ಕೆ ಇಳಿಯುತ್ತದೆ, 24 ಇದ್ದ ಬೈಕಾರ್ಬೊನೇಟ್ 19ರ ಆಸುಪಾಸಿಗೆ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದದ್ದರಿಂದ ಅವುಗಳ ಅನುಪಾತ ಇಪ್ಪತ್ತಕ್ಕೆ ಒಂದಾಗಿಯೇ ಉಳಿಯಿತು, ಪಿಎಚ್ 7.40ರಿಂದ ಹೆಚ್ಚೇನೂ ಅಲುಗಲಿಲ್ಲ. ಈಗ ಚೀಟಿ ಓದುವವರಿಗೆ, ದೇಹದಲ್ಲಿ ಆಮ್ಲ ಸೇರಿ ರೋಗಿ ವೇಗವಾಗಿ ಉಸಿರಾಡಿ ಅದನ್ನು ಸರಿದೂಗಿಸಿದ್ದಾರೆ ಎಂಬಂತೆ ಕಾಣುತ್ತದೆ. ನಿಜವಾಗಿ ರೋಗಿಗೆ ಅಂಥದ್ದೇನೂ ಇಲ್ಲ.

ಮೊದಲ ಸುಳಿವು ಪಿಎಚ್‌ನಲ್ಲೇ ಇದೆ: ದೇಹದ ಸರಿದೂಗಿಕೆ ಸಾಮಾನ್ಯವಾಗಿ ಪಿಎಚ್ ಅನ್ನು 7.40ಕ್ಕೆ ಪೂರ್ತಿ ತರುವುದಿಲ್ಲ, ಅದರ ಹತ್ತಿರಕ್ಕೆ ತರುತ್ತದೆ ಅಷ್ಟೆ. ಎರಡನೆಯದು ಹಿಮೊಗ್ಲೋಬಿನ್. ಅದೇ ಸಿರಿಂಜಿನಲ್ಲಿ ಅಳೆದಾಗ 14 ಇದ್ದದ್ದು 11ರ ಹತ್ತಿರ ಬಂದಿದ್ದರೆ, ರಕ್ತವೆಲ್ಲ ತೆಳುವಾಗಿದೆ ಎಂದರ್ಥ. ಅಭಿಧಮನಿಯಿಂದ ಅದೇ ಹೊತ್ತಿಗೆ ತೆಗೆದ ಇನ್ನೊಂದು ಮಾದರಿಯಲ್ಲಿ ಪ್ರಯೋಗಾಲಯ ನೇರವಾಗಿ ಅಳೆಯುವ ಒಟ್ಟು ಇಂಗಾಲದ ಡೈಆಕ್ಸೈಡ್ ಸಾಮಾನ್ಯವಾಗಿ ಲೆಕ್ಕದ ಬೈಕಾರ್ಬೊನೇಟ್‌ಗಿಂತ ಒಂದೆರಡು ಮಿಲಿಮೋಲ್ ಹೆಚ್ಚಿರುತ್ತದೆ. ಅಲ್ಲಿ 25, ಇಲ್ಲಿ 19 ಬಂದರೆ ಒಣ ಹೆಪಾರಿನ್ ಇರುವ ಸಿರಿಂಜಿನಲ್ಲಿ ರಕ್ತವನ್ನು ಮತ್ತೆ ತೆಗೆಯಬೇಕು, ಔಷಧಿಯ ತೀರ್ಮಾನ ಅದರ ನಂತರ.