ಓದುಗರ ಪ್ರಶ್ನೆ: ರೆಕಾರ್ಡ್ ಮಾಡಿದ ಅಣಕು ಸಂದರ್ಶನದಿಂದ ಉಪಯುಕ್ತ ಟಿಪ್ಪಣಿ ತಯಾರಿಸುವುದು ಹೇಗೆ?

ಪ್ರಶ್ನೆ: ನನ್ನ ತಂಗಿಯ ಮಗಳು ಬಿ.ಕಾಂ. ಮುಗಿಸಿ ಅಕೌಂಟ್ಸ್ ವಿಭಾಗದ ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ನಾನೇ ಪ್ರಶ್ನೆ ಕೇಳಿ, ಅರ್ಧ ಗಂಟೆಯ ಅಣಕು ಸಂದರ್ಶನ ನಡೆಸಿ, ಅದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಂಡೆ. ಆಮೇಲೆ ನೋಡುತ್ತಾ ಕಂಡದ್ದನ್ನೆಲ್ಲ ಬರೆದಾಗ ನಾಲ್ಕು ಪುಟಗಳಾದವು. ಅವಳು ಅದನ್ನು ಓದಿ, "ಹಾಗಾದರೆ ನನಗೇನೂ ಬರುವುದಿಲ್ಲ ಅಂತಲೇ, ಮಾವ?" ಎಂದಳು. ಇದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು?

ಉತ್ತರ: ನೀವು ಬರೆದಿರುವುದು ನಿಮ್ಮ ಕಣ್ಣಿಗೆ ಬಿದ್ದ ದೋಷಗಳ ಪಟ್ಟಿ. ಅವಳಿಗೆ ಬೇಕಾಗಿರುವುದು ಯಾವ ಉತ್ತರ, ಎಷ್ಟನೇ ನಿಮಿಷದಲ್ಲಿ, ಯಾವ ಕಾರಣಕ್ಕೆ ಹಳಿ ತಪ್ಪಿತು ಮತ್ತು ಅದರ ಬದಲು ಏನು ಹೇಳಬಹುದಿತ್ತು ಎಂಬ ವಿವರ. ನಾಲ್ಕು ಪುಟಗಳಿಂದ ಅಲ್ಲಿಗೆ ತಲುಪುವ ದಾರಿಯನ್ನು ಕಳೆದ ವರ್ಷ ನಾನು ನೋಡಿದ ಒಂದು ರೆಕಾರ್ಡಿಂಗ್ ಇಟ್ಟುಕೊಂಡು ವಿವರಿಸುತ್ತೇನೆ. ಆ ಅಭ್ಯರ್ಥಿಯೂ ಬಿ.ಕಾಂ. ಪದವೀಧರೆ. ಆಡಿಟರ್ ಒಬ್ಬರ ಕಚೇರಿಯಲ್ಲಿ ಆರು ತಿಂಗಳು ತರಬೇತಿ ಪಡೆದಿದ್ದರು. ಇಲ್ಲಿ ಬರೆಯಲು ಅವರ ಒಪ್ಪಿಗೆಯಿದೆ.

ಮೊದಲ ಸಲ ವಿಡಿಯೊವನ್ನು ನಿಲ್ಲಿಸದೆ, ಪೆನ್ನು ಹಿಡಿಯದೆ ಪೂರ್ತಿ ನೋಡಬೇಕು. ನಿಜವಾದ ಸಂದರ್ಶಕರಿಗೆ ಹಿಂದಕ್ಕೆ ಹೋಗಿ ಮತ್ತೆ ಕೇಳುವ ಅವಕಾಶವಿರುವುದಿಲ್ಲ. ಅವರ ಮನಸ್ಸಿನಲ್ಲಿ ಉಳಿಯುವುದು ಒಂದೇ ಸಲದ ಕೇಳುವಿಕೆಯಿಂದ ಉಳಿದದ್ದು ಮಾತ್ರ. ನೋಡಿ ಮುಗಿಸಿದ ಕೂಡಲೇ, ಈ ಅಭ್ಯರ್ಥಿಯ ಬಗ್ಗೆ ಮ್ಯಾನೇಜರ್ ಕೇಳಿದರೆ ಏನು ಹೇಳುತ್ತೀರೋ ಅದನ್ನು ಎರಡು ಸಾಲಿನಲ್ಲಿ ಬರೆದಿಡಿ. ಎರಡನೇ ಸಲ ನೋಡುವಾಗ ಪ್ರತಿ ಪ್ರಶ್ನೆಗೂ ಒಂದು ಸಾಲು: ಪ್ರಶ್ನೆ ಯಾವುದು, ಅವಳು ಮಾತು ಆರಂಭಿಸಿದ್ದು ಯಾವಾಗ, ಪ್ರಶ್ನೆಗೆ ನಿಜವಾಗಿ ಉತ್ತರವೆನಿಸುವ ಮೊದಲ ವಾಕ್ಯ ಬಂದದ್ದು ಯಾವಾಗ, ಮುಗಿಸಿದ್ದು ಯಾವಾಗ. ಈ ಹಂತದಲ್ಲಿ ಅಭಿಪ್ರಾಯ ಬೇಡ, ಗಡಿಯಾರ ಸಾಕು. ಅರ್ಧ ಗಂಟೆಯ ವಿಡಿಯೊಗೆ ಇದು ಸುಮಾರು ಒಂದು ಗಂಟೆಯ ಕೆಲಸ. ಫೋನು ತಾನಾಗಿ ಬರೆದುಕೊಡುವ ಪಠ್ಯವನ್ನು ಜಾಗ ಹುಡುಕಿಕೊಳ್ಳಲು ಬಳಸಬಹುದು. ಆದರೆ ಅದು ತಡವರಿಕೆಯ ಸದ್ದುಗಳನ್ನು ಅನೇಕ ವೇಳೆ ಬಿಟ್ಟುಬಿಡುತ್ತದೆಯಾದ್ದರಿಂದ ಅದನ್ನು ನೋಡಿ ಎಣಿಸಬಾರದು.

ನಾನು ಹೇಳಿದ ಆ ರೆಕಾರ್ಡಿಂಗ್ 26 ನಿಮಿಷದ್ದು, ಒಂಬತ್ತು ಪ್ರಶ್ನೆಗಳಿದ್ದವು. ಮೊದಲ ಸಲ ನೋಡಿ ನಾನು ಬರೆದದ್ದು, "ಕೆಲಸ ಗೊತ್ತಿರುವ ಹುಡುಗಿ, ಆದರೆ ಭಯ, ತಡವರಿಸುತ್ತಾಳೆ" ಎಂದು. ಅಷ್ಟಕ್ಕೇ ನಿಲ್ಲಿಸಿದ್ದರೆ 'ಧೈರ್ಯವಾಗಿ ಮಾತಾಡಮ್ಮ' ಎಂದು ಹೇಳಿ ಕಳಿಸುತ್ತಿದ್ದೆ, ಮತ್ತು ಅದು ತಪ್ಪು ಸಲಹೆಯಾಗುತ್ತಿತ್ತು. ಎರಡನೇ ಸಲ ನೋಡುವಾಗ ಪ್ರತಿ ಉತ್ತರದಲ್ಲೂ 'ಅಂ', 'ಆಕ್ಚುಯಲಿ', 'ಲೈಕ್' ಎಂಬ ತುಂಬುಪದಗಳನ್ನು ಎಣಿಸಿದೆ. ಸವಕಳಿಯ ಜರ್ನಲ್ ಎಂಟ್ರಿ ಹೇಳಿ ಎಂಬ ಪ್ರಶ್ನೆಗೆ ಅವರು 50 ಸೆಕೆಂಡ್ ಉತ್ತರಿಸಿದ್ದರು, ತುಂಬುಪದ ಎರಡು. ತರಬೇತಿಯಲ್ಲಿ ಎದುರಾದ ಒಂದು ಕಷ್ಟದ ಕೆಲಸವನ್ನು ವಿವರಿಸಿ ಎಂಬ ಪ್ರಶ್ನೆಗೆ 2 ನಿಮಿಷ 20 ಸೆಕೆಂಡ್, ತುಂಬುಪದ ಹದಿನೇಳು. ಅದರ ಹಿಂದಿನ ಉತ್ತರವೂ ಮುಂದಿನ ಉತ್ತರವೂ ಸರಾಗವಾಗಿಯೇ ಇದ್ದವು. ಭಯವೇ ಕಾರಣವಾಗಿದ್ದರೆ ಅದು ಎಲ್ಲ ಕಡೆ ಹರಡಿರಬೇಕಿತ್ತು, ಇಲ್ಲವೇ ಆರಂಭದಲ್ಲಿ ಹೆಚ್ಚಿದ್ದು ಬರಬರುತ್ತಾ ಇಳಿಯಬೇಕಿತ್ತು. ಒಂದೇ ಉತ್ತರದಲ್ಲಿ ಗುಂಪುಗೂಡಿದೆ ಎಂದರೆ ಕಾರಣ ಆ ಉತ್ತರದೊಳಗೇ ಇದೆ.

ಹಾಗಾಗಿ ಆ ಒಂದು ಉತ್ತರವನ್ನು ಮಾತ್ರ ಅಕ್ಷರಶಃ ಬರೆದುಕೊಂಡೆ. ಎಲ್ಲ ಒಂಬತ್ತನ್ನೂ ಬರೆಯುವ ಅಗತ್ಯವಿಲ್ಲ. ಆದರೆ ಬರೆಯುವ ಒಂದನ್ನು ತಿದ್ದದೆ, ಅರ್ಧಕ್ಕೆ ನಿಂತ ವಾಕ್ಯಗಳನ್ನೂ ಬಿಡದೆ ಬರೆಯಬೇಕು. ಬರೆದಾಗ ಕಂಡದ್ದು ಇದು: ಕಚೇರಿ ಎಲ್ಲಿತ್ತು, ಎಷ್ಟು ಜನ ಇದ್ದರು, ಯಾವ ಸಾಫ್ಟ್‌ವೇರ್ ಬಳಸುತ್ತಿದ್ದರು, ಸೀನಿಯರ್ ಹೇಗೆ ಹೇಳಿಕೊಡುತ್ತಿದ್ದರು ಎಂಬ ವಿವರಗಳಲ್ಲೇ 95 ಸೆಕೆಂಡ್ ಕಳೆದಿತ್ತು. ಆಮೇಲೆ, "ಖರೀದಿ ಪುಸ್ತಕಕ್ಕೂ 2ಎಗೂ ವ್ಯತ್ಯಾಸ ಬರುತ್ತಿತ್ತು, ನಾವು ಎಲ್ಲ ಚೆಕ್ ಮಾಡಿ ಸರಿಪಡಿಸಿದೆವು" ಎಂಬ ಒಂದು ವಾಕ್ಯ. ಉಳಿದದ್ದು ಅದರಿಂದ ಎಷ್ಟೊಂದು ಕಲಿತೆ ಎಂಬ ಮಾತು.

ಇಲ್ಲಿ ವಿಷಯ ತಿಳಿದವರು ಸುಮ್ಮನೆ ದಾಟಿಹೋಗಬಾರದ ಎರಡು ಸಂಗತಿಗಳಿವೆ. ಮೊದಲನೆಯದು ತಪ್ಪು. ಜಿಎಸ್‌ಟಿಯಲ್ಲಿ 2ಎ ಎಂಬುದು ಮಾರಾಟಗಾರರು ವಿವರ ಸಲ್ಲಿಸಿದಂತೆಲ್ಲ ಬದಲಾಗುತ್ತಾ ಹೋಗುವ ಪಟ್ಟಿ. 2ಬಿ ಎಂಬುದು ಆಯಾ ತಿಂಗಳಿಗೆಂದು ಮರುತಿಂಗಳ 14ನೇ ತಾರೀಖಿಗೆ ಸಿದ್ಧವಾಗುವ ಪಟ್ಟಿ, ಮತ್ತು ಖರೀದಿಯ ಮೇಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಲು ತಾಳೆ ನೋಡಬೇಕಾದದ್ದು ಅದನ್ನೇ. ಅನುಭವವಿರುವ ಸಂದರ್ಶಕರು ಆ ಒಂದು ಅಕ್ಷರವನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳುತ್ತಾರೆ. ಎರಡನೆಯದು ಕೊರತೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಎಷ್ಟು ಬಿಲ್‌ಗಳು, ಯಾವ ವ್ಯತ್ಯಾಸ, ಹೇಗೆ ಪತ್ತೆಯಾಯಿತು ಎಂಬುದು ಉತ್ತರದಲ್ಲಿ ಎಲ್ಲೂ ಇರಲಿಲ್ಲ. ಆಮೇಲೆ ಬಿಡಿಸಿ ಕೇಳಿದಾಗ ಎಲ್ಲವೂ ಅವರಿಗೆ ನೆನಪಿತ್ತು. ಒಂದು ತಿಂಗಳ 63 ಬಿಲ್‌ಗಳಲ್ಲಿ ಒಂಬತ್ತು ತಾಳೆಯಾಗಿರಲಿಲ್ಲ. ಐದು ಬಿಲ್‌ಗಳ ಮಾರಾಟಗಾರರು 11ನೇ ತಾರೀಖಿನ ಗಡುವು ದಾಟಿದ ಮೇಲೆ ವಿವರ ಸಲ್ಲಿಸಿದ್ದರಿಂದ ಅವು ಮುಂದಿನ ತಿಂಗಳ ಪಟ್ಟಿಗೆ ಹೋಗಿದ್ದವು, ಮೂರರಲ್ಲಿ ಖರೀದಿದಾರರ ಜಿಎಸ್‌ಟಿ ಸಂಖ್ಯೆಯೇ ತಪ್ಪಾಗಿ ನಮೂದಾಗಿತ್ತು, ಒಂದು ಬಿಲ್ ಇವರದೇ ಪುಸ್ತಕದಲ್ಲಿ ಎರಡು ಸಲ ಏರಿತ್ತು. ಇಷ್ಟು ಚೊಕ್ಕ ಕೆಲಸ ಮಾಡಿದವರು ಅದನ್ನು 'ಚೆಕ್ ಮಾಡಿದೆವು' ಎಂಬ ಎರಡು ಪದಗಳಲ್ಲಿ ಮುಚ್ಚಿಟ್ಟಿದ್ದರು. ವಿಡಿಯೊ ನೋಡಿದ ಮೇಲೆ, ಟಿಪ್ಪಣಿ ಬರೆಯುವ ಮುನ್ನ, ಹೀಗೆ ಹತ್ತು ನಿಮಿಷ ಕೂತು ಕೇಳುವುದನ್ನು ದಯವಿಟ್ಟು ತಪ್ಪಿಸಬೇಡಿ. ಅವಳಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ ಎಂಬುದು ರೆಕಾರ್ಡಿಂಗ್‌ನಿಂದ ಮಾತ್ರ ತಿಳಿಯುವುದಿಲ್ಲ, ಮತ್ತು ಈ ಎರಡಕ್ಕೆ ಕೊಡಬೇಕಾದ ಸಲಹೆ ಬೇರೆ ಬೇರೆ.

ಉತ್ತರದ ಕಟ್ಟಡದ ಬಗ್ಗೆ ಹೇಳುವಾಗ ಬಹಳ ಮಂದಿ ಸ್ಟಾರ್ ಎಂಬ ಕ್ರಮವನ್ನು ಕಲಿಸುತ್ತಾರೆ: ಸಂದರ್ಭ, ಹೊಣೆ, ಮಾಡಿದ ಕೆಲಸ, ಫಲಿತಾಂಶ. ಕ್ರಮ ಸರಿಯಾದದ್ದೇ. ಆದರೆ ಸಂದರ್ಭ ಮೊದಲಿಗೆ ಬರುವುದರಿಂದ ಹೊಸಬರು ಅದನ್ನೇ ಹಿಗ್ಗಿಸುತ್ತಾರೆ ಎಂಬುದು ನಾನು ಮತ್ತೆ ಮತ್ತೆ ಕಂಡದ್ದು. ಆದ್ದರಿಂದ ಸಂದರ್ಭಕ್ಕೆ ಎರಡು ವಾಕ್ಯಕ್ಕಿಂತ ಹೆಚ್ಚು ಬೇಡವೆಂದು ಬರೆಯುತ್ತೇನೆ. 'ನಾವು' ಎಂಬ ಮಾತನ್ನೂ ಇಲ್ಲೇ ನೋಡಬೇಕು. ನಮ್ಮ ಮನೆಗಳಲ್ಲಿ 'ನಾನು ಮಾಡಿದೆ' ಎನ್ನುವುದು ಜಂಬದಂತೆ ಕೇಳಿಸುವುದರಿಂದ ಮಕ್ಕಳು ಇಂಗ್ಲಿಷಿನಲ್ಲೂ ಎಲ್ಲವನ್ನೂ 'ವಿ' ಎಂದೇ ಹೇಳುತ್ತಾರೆ. 'ನಾನು ಎನ್ನು' ಎಂದು ತಿದ್ದಿದರೆ ಅವರಿಗೆ ಮುಜುಗರವಾಗುತ್ತದೆ. ಬದಲಿಗೆ, ತಾಳೆ ನೋಡಿದ್ದು ನೀನು, ಮಾರಾಟಗಾರರಿಗೆ ಫೋನ್ ಮಾಡಿದ್ದು ಸೀನಿಯರ್ ಎಂದು ಕೆಲಸವನ್ನು ಪಾಲು ಮಾಡಿ ತೋರಿಸಿದರೆ 'ನಾನು' ತಾನಾಗಿ ಬರುತ್ತದೆ.

ಮಾತಿನ ರೀತಿಯನ್ನು ಕೊನೆಗೆ ನೋಡಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ. ಆ ಹದಿನೇಳು ತುಂಬುಪದಗಳಲ್ಲಿ ಹದಿನಾಲ್ಕು ಮೊದಲ 95 ಸೆಕೆಂಡ್‌ನಲ್ಲೇ ಇದ್ದವು. ಖರೀದಿ ಪುಸ್ತಕದ ಮಾತು ಬಂದೊಡನೆ ನಾಲಿಗೆ ಸಡಿಲವಾಗಿತ್ತು. ಅಂದರೆ ಕಥೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದಿದ್ದಾಗ ಬಂದ ತಡವರಿಕೆ ಅದು. ಅದನ್ನು 'ಮಾತಿನ ರೀತಿ'ಯ ಕೆಳಗೆ ದೋಷವೆಂದು ಬರೆದರೆ ಅವರು ತುಂಬುಪದಗಳನ್ನು ನುಂಗಲು ಹೆಣಗಾಡಿ ಇನ್ನಷ್ಟು ಬಿಗಿಯಾಗುತ್ತಾರೆ. ಆದರೆ ವಾಕ್ಯದ ಕೊನೆಯಲ್ಲಿ ಅವರ ದನಿ ಇಳಿದುಹೋಗುತ್ತಿದ್ದದ್ದು ಒಂಬತ್ತು ಉತ್ತರಗಳಲ್ಲೂ ಕೇಳಿಸಿತು. ಅದು ನಿಜವಾದ ಅಭ್ಯಾಸ, ಆದ್ದರಿಂದ ಟಿಪ್ಪಣಿಗೆ ಅರ್ಹ. ಇನ್ನು ಕಣ್ಣು ಮತ್ತು ದನಿಯ ಮಟ್ಟದ ಬಗ್ಗೆ ತೀರ್ಪು ಕೊಡುವ ಮುನ್ನ ಫೋನು ಎಲ್ಲಿತ್ತೆಂದು ನೆನಪಿಸಿಕೊಳ್ಳಿ. ಪಕ್ಕದಲ್ಲಿಟ್ಟ ಫೋನಿನಲ್ಲಿ ನಿಮ್ಮನ್ನೇ ನೋಡುತ್ತಿದ್ದವಳೂ ಬೇರೆಲ್ಲೋ ನೋಡಿದಂತೆ ಕಾಣುತ್ತಾಳೆ. ಫೋನು ನಿಮ್ಮ ಹತ್ತಿರವಿದ್ದರೆ ಅವಳ ದನಿ ಇರುವುದಕ್ಕಿಂತ ಸಣ್ಣದಾಗಿ ಕೇಳಿಸುತ್ತದೆ.

ಸಂದರ್ಶನ ಇಂಗ್ಲಿಷಿನಲ್ಲಿದ್ದರೆ, ಕೆಟ್ಟ ಆ ಒಂದು ಉತ್ತರವನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳಿಸಿ. ಆ ಅಭ್ಯರ್ಥಿ ಕನ್ನಡದಲ್ಲೂ ಕಚೇರಿ ಎಲ್ಲಿತ್ತು ಎಂಬಲ್ಲಿಂದಲೇ ಶುರು ಮಾಡಿದ್ದರಿಂದ ತೊಂದರೆ ಭಾಷೆಯದಲ್ಲವೆಂದು ಖಚಿತವಾಯಿತು, ವ್ಯಾಕರಣದ ಮಾತನ್ನು ನಾನು ಎತ್ತಲೇ ಇಲ್ಲ.

ಕೊನೆಗೆ ನಾನು ಕೊಟ್ಟ ಟಿಪ್ಪಣಿ ಇಷ್ಟೇ:

"4:10, ಸವಕಳಿಯ ಪ್ರಶ್ನೆ: ಮೊದಲ ವಾಕ್ಯದಲ್ಲೇ ಉತ್ತರ ಹೇಳಿ, ಆಮೇಲೆ ಕಾರಣ ಕೊಟ್ಟಿರಿ. ಇದನ್ನು ಬದಲಿಸಬೇಡಿ.
9:30, ಕಷ್ಟದ ಕೆಲಸದ ಪ್ರಶ್ನೆ: ವ್ಯತ್ಯಾಸದ ಮಾತು 95 ಸೆಕೆಂಡ್ ತಡವಾಗಿ ಬಂತು. '63 ಬಿಲ್‌ಗಳಲ್ಲಿ ಒಂಬತ್ತು 2ಬಿ ಜೊತೆ ತಾಳೆಯಾಗಲಿಲ್ಲ, ಕಾರಣ ಹುಡುಕುವುದು ನನ್ನ ಪಾಲಿನ ಕೆಲಸವಾಗಿತ್ತು' ಎಂಬಲ್ಲಿಂದ ಶುರು ಮಾಡಿ. ಮೂರು ಬಗೆಯ ಕಾರಣಗಳನ್ನು ಎಣಿಸಿ ಹೇಳಿ. 2ಎ ಅಲ್ಲ, 2ಬಿ.
ಎಲ್ಲ ಉತ್ತರಗಳಲ್ಲಿ: ವಾಕ್ಯದ ಕೊನೆಯ ಪದ ಕೇಳಿಸುತ್ತಿಲ್ಲ. ಉದಾಹರಣೆಗೆ 14:05 ಕೇಳಿ ನೋಡಿ."

ಚೆನ್ನಾಗಿ ಬಂದದ್ದನ್ನು ಮೊದಲು ಬರೆದದ್ದು ಸಮಾಧಾನಕ್ಕಲ್ಲ. ಯಾವುದು ಸರಿಯಿದೆಯೆಂದು ಹೇಳದಿದ್ದರೆ ಅಭ್ಯರ್ಥಿಗಳು ಅದನ್ನೂ ಬದಲಿಸಿ ಕೆಡಿಸಿಕೊಳ್ಳುತ್ತಾರೆ. 'ಆತ್ಮವಿಶ್ವಾಸ ಸಾಲದು' ಎಂಬಂಥ ಮಾತು ಇದರಲ್ಲಿ ಇಲ್ಲದಿರುವುದನ್ನೂ ಗಮನಿಸಿ. ಅದನ್ನು ಓದಿದವರು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು?

ಎರಡು ದಿನ ಬಿಟ್ಟು ಅದೊಂದೇ ಪ್ರಶ್ನೆಯನ್ನು ಮತ್ತೆ ಕೇಳಿ ರೆಕಾರ್ಡ್ ಮಾಡಿದೆವು. ಉತ್ತರ 1 ನಿಮಿಷ 5 ಸೆಕೆಂಡಿಗೆ ಇಳಿದಿತ್ತು, ವ್ಯತ್ಯಾಸದ ಮಾತು ಎಂಟನೇ ಸೆಕೆಂಡಿಗೆ ಬಂತು, ತುಂಬುಪದ ನಾಲ್ಕು. ವಾಕ್ಯದ ಕೊನೆ ಮಾತ್ರ ಹಾಗೆಯೇ ಇಳಿಯುತ್ತಿತ್ತು. ಮುಂದಿನ ವಾರ ಅದೊಂದನ್ನೇ ಕೈಗೆತ್ತಿಕೊಂಡೆವು.

ನಿಮ್ಮ ನಾಲ್ಕು ಪುಟಗಳನ್ನು ಹರಿಯಬೇಡಿ, ಅವಳಿಗೆ ಮತ್ತೆ ತೋರಿಸಲೂ ಬೇಡಿ. ಒಂದು ಉತ್ತರವನ್ನು ತಿದ್ದಿ ಮರು ರೆಕಾರ್ಡ್ ಮಾಡಿದ ಮೇಲೆ ಆ ಪುಟಗಳನ್ನು ತೆಗೆದು, ಈಗ ಕಾಣಿಸದ ದೋಷಗಳ ಸಾಲುಗಳನ್ನು ಹೊಡೆದುಹಾಕಿ. ಉಳಿದ ಸಾಲುಗಳಿಂದ ಎರಡನೇ ಟಿಪ್ಪಣಿಯನ್ನು ಶುರು ಮಾಡಬಹುದು.