ಅಜ್ಜಿಯ ನಾಲ್ಕು ಲೋಟ ಕಾಫಿಯಲ್ಲಿ ಹಾಲೆಷ್ಟು?

ಮೂಡಿಗೆರೆ ಕಡೆಯ ಎಪ್ಪತ್ತು ವರ್ಷದ ಅಜ್ಜಿಯೊಬ್ಬರು ಕಳೆದ ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು, ಮಣಿಕಟ್ಟು ಮುರಿದುಕೊಂಡು ಬಂದಿದ್ದರು. "ದಿನಕ್ಕೆ ನಾಲ್ಕು ಸಲ ಹಾಲು ಹೊಟ್ಟೆಗೆ ಹೋಗುತ್ತೆ ಡಾಕ್ಟ್ರೇ, ಆದ್ರೂ ಮೂಳೆ ಯಾಕೆ ಹಿಂಗಾಯ್ತು?" ಅಂತ ಕೇಳಿದರು.

ನಾಲ್ಕು ಸಲ ಹೋಗುತ್ತಿದ್ದದ್ದು ಕಾಫಿ. ಲೋಟದಲ್ಲಿ ಅರ್ಧ ಡಿಕಾಕ್ಷನ್, ಉಳಿದರ್ಧ ಹಾಲು. ಆ ಹಾಲಿಗೂ ಸಮಸಮ ನೀರು! ಲೆಕ್ಕ ಹಾಕಿದರೆ ಇಡೀ ದಿನಕ್ಕೆ ಸಿಕ್ಕಿದ್ದು ಸುಮಾರು 120 ಎಂ.ಎಲ್. ಹಾಲು. ಅದರಲ್ಲಿರುವುದು ಹೆಚ್ಚುಕಮ್ಮಿ 145 ಮಿಲಿಗ್ರಾಂ ಕ್ಯಾಲ್ಸಿಯಂ. ಈ ವಯಸ್ಸಿಗೆ ಬೇಕಾದದ್ದು ದಿನಕ್ಕೆ 1,200. ಊಟ ಅಕ್ಕಿ ರೊಟ್ಟಿ, ಅನ್ನ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲ ಅಂದರೂ ನಡೆಯುತ್ತೆ.

ಕಾಫಿ ಬಿಡಿ ಅಂತ ಹೇಳಲಿಲ್ಲ. ಚಿಕ್ಕಮಗಳೂರಲ್ಲಿ ಹಾಗೆ ಹೇಳಿದರೆ ಯಾರು ಕೇಳ್ತಾರೆ? ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ, ತಲಾ 200 ಎಂ.ಎಲ್. ನೀರು ಬೆರೆಸದ ಹಾಲು ಸೇರಿಸಿದೆವು: 480 ಮಿಲಿಗ್ರಾಂ. ಮಧ್ಯಾಹ್ನ ಒಂದು ಬಟ್ಟಲು ಗಟ್ಟಿ ಮೊಸರು: ಸುಮಾರು 180. ಒಂದು ಹೊತ್ತು ಅಕ್ಕಿ ರೊಟ್ಟಿ ಬದಲು ರಾಗಿ ರೊಟ್ಟಿ. 75 ಗ್ರಾಂ ಹಿಟ್ಟಿನಲ್ಲಿ 270 ಇದೆ. ಆದರೆ ರಾಗಿಯದ್ದು ಹಾಲಿನಷ್ಟು ಚೆನ್ನಾಗಿ ಮೈಗೆ ಹಿಡಿಯುವುದಿಲ್ಲ, ಅದೊಂದನ್ನೇ ನಂಬಬಾರದು. ಕಾಫಿಯದ್ದೂ ಸೇರಿ 1,075 ಆಯಿತು. ಸೊಪ್ಪು, ಬೇಳೆ ಉಳಿದದ್ದನ್ನು ತುಂಬುತ್ತವೆ. ಹಾಗಾಗಿ ಕ್ಯಾಲ್ಸಿಯಂ ಮಾತ್ರೆ ಬರೆಯಲಿಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಆ ಪಾಲನ್ನೂ ಮೊಸರಿಗೆ ಬದಲಾಯಿಸಬಹುದು. ಕಿಡ್ನಿ ತೊಂದರೆ ಇದ್ದವರು ಮಾತ್ರ ಮೊದಲು ಡಾಕ್ಟರನ್ನು ಕೇಳಬೇಕು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಬೇಕಾದರೆ ವಿಟಮಿನ್ ಡಿ ಬೇಕು. ಮನೆಯ ಹಸುವಿನ ಹಾಲಿನಲ್ಲಿ ಅದು ಹೆಸರಿಗಷ್ಟೇ. ಬಿಸಿಲಿನಿಂದ ಬರಬೇಕು, ಆದರೆ ಜೂನ್‌ನಿಂದ ಇಲ್ಲಿ ಬಿಸಿಲೆಲ್ಲಿ? ಅಜ್ಜಿ ಸ್ವೆಟರ್ ತೆಗೆಯುವುದೇ ಇಲ್ಲ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಎಂ.ಎಲ್.ಗೆ 11 ನ್ಯಾನೊಗ್ರಾಂ ಬಂತು. 20ಕ್ಕಿಂತ ಕಡಿಮೆಯಿದ್ದರೆ ಕೊರತೆ ಎನ್ನುತ್ತೇವೆ. ವಾರಕ್ಕೊಂದರಂತೆ ಎಂಟು ವಾರ, 60,000 ಯೂನಿಟ್‌ನ ಪುಡಿ ಬರೆದುಕೊಟ್ಟೆ. ಊಟವಾದ ಮೇಲೆ ಹಾಲಲ್ಲಿ ಕಲಸಿ ಕುಡಿಯಬೇಕು, ಕೊಬ್ಬಿನ ಜೊತೆ ಅದು ಚೆನ್ನಾಗಿ ಸೇರುತ್ತೆ.

ಈ ಪುಡಿಯಲ್ಲೇ ಎಡವಟ್ಟಾಗುವುದು ಜಾಸ್ತಿ. ಬೇರೊಬ್ಬ ಹಿರಿಯರು ಬಿಪಿ ಮಾತ್ರೆಯ ಹಾಗೆ ಇದನ್ನೂ ದಿನಾ ನುಂಗಿದ್ದರು. ಒಂದೂವರೆ ತಿಂಗಳಲ್ಲಿ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಜೊತೆಗೆ ಏನೇನೋ ಮಾತು. ಮನೆಯವರು ಅರಳುಮರಳು ಅಂದುಕೊಂಡರು. ನೋಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು, ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಯಿತು. ಅದಕ್ಕೇ ಅಜ್ಜಿಯ ಸೊಸೆಯ ಕೈಯಲ್ಲಿ ಅಡುಗೆಮನೆ ಕ್ಯಾಲೆಂಡರಿನ ಎಂಟು ಭಾನುವಾರಗಳಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿಸಿದೆ.