ಪಟ್ಟಿ ನೀಲಿಯಾಯಿತು, ರಕ್ತ ಹಾಗೆಯೇ ಇತ್ತು

ಮುಂಬಯಿಯ ಮಾಟುಂಗಾದ ನಮ್ಮ ಕಟ್ಟಡದ ಮೂರನೆಯ ಮಹಡಿಯ ಅಕ್ಕ ಒಂದು ಬೆಳಿಗ್ಗೆ ಆಮ್ಲವೋ ಕ್ಷಾರವೋ ಎಂದು ಬಣ್ಣದಿಂದ ತಿಳಿಸುವ ಪಿಎಚ್ ಪಟ್ಟಿಯೊಂದನ್ನು ಹಿಡಿದು ಬಂದರು. "ಮೊದಲು ಹಳದಿಯಾಗುತ್ತಿತ್ತು, ಈಗ ನೀಲಿ. ನನ್ನ ದೇಹ ಕ್ಷಾರೀಯವಾಯಿತು ನೋಡಿ!" ದೇಹ ಕ್ಷಾರೀಯವಾಗಲೆಂದು ತಿಂಗಳಿನಿಂದ ನಿಂಬೆನೀರು, ರಾಶಿ ಸೊಪ್ಪು, ಹಣ್ಣು ಸೇವಿಸುತ್ತಿದ್ದರು, ಉಡುಪಿ ಹೋಟೆಲಿನ ಇಡ್ಲಿಯನ್ನೂ ಬಿಟ್ಟಿದ್ದರು. ಪಟ್ಟಿ ಸುಳ್ಳಾಡಿರಲಿಲ್ಲ. ಆದರೆ ಅದನ್ನು ಅದ್ದಿದ್ದು ಮೂತ್ರಕ್ಕೆ.

ಪಿಎಚ್ ಏಳಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ನಿಂಬೆರಸ ಹುಳಿಯೇ, ಅದರ ಪಿಎಚ್ ಎರಡರ ಆಸುಪಾಸು. ಅದನ್ನು 'ಕ್ಷಾರೀಯ' ಎನ್ನುವ ಮಾತು ಬೂದಿಯಿಂದ ಹುಟ್ಟಿತು. ಹಿಂದಿನವರು ಆಹಾರವನ್ನು ಸುಟ್ಟು, ಉಳಿದ ಬೂದಿಯನ್ನು ಪರೀಕ್ಷಿಸುತ್ತಿದ್ದರು. ಹಣ್ಣು, ಸೊಪ್ಪಿನ ಬೂದಿಯಲ್ಲಿ ಪೊಟ್ಯಾಸಿಯಂ ಹೆಚ್ಚು, ಹಾಗಾಗಿ ಅದು ಕ್ಷಾರ. ನಮ್ಮ ಅಜ್ಜಿಯರು ಪಾತ್ರೆ ತಿಕ್ಕಲು ಬೂದಿ ಬಳಸಿದ್ದೂ ಇದೇ ಗುಣಕ್ಕೆ. ದೇಹದೊಳಗೂ ನಿಂಬೆಯ ಸಿಟ್ರಿಕ್ ಆಮ್ಲ ಉರಿದು ನೀರು, ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಪೊಟ್ಯಾಸಿಯಂ ಜೊತೆಗಿದ್ದ, ಆ ಆಮ್ಲದ ಲವಣರೂಪವಾದ ಸಿಟ್ರೇಟ್ ಉರಿದಾಗ ಸ್ವಲ್ಪ ಬೈಕಾರ್ಬನೇಟ್ ಎಂಬ ಕ್ಷಾರ ಉಳಿಯುತ್ತದೆ. ಅಲ್ಲಿಯವರೆಗೆ ಮಾತು ನಿಜ.

ಆ ಹೆಚ್ಚುವರಿ ಬೈಕಾರ್ಬನೇಟನ್ನು ಮೂತ್ರಪಿಂಡ ಇಟ್ಟುಕೊಳ್ಳುವುದಿಲ್ಲ, ಹೊರಗೆ ಹಾಕುತ್ತದೆ. ನೀಲಿಯಾದ ಪಟ್ಟಿ ತೋರಿಸಿದ್ದು ದೇಹ ಬೇಡವೆಂದ ಕ್ಷಾರವನ್ನು. ಬೀದಿಗಿಟ್ಟ ಕಸದ ಬುಟ್ಟಿಯನ್ನು ನೋಡಿ, ಮನೆಯೊಳಗೆಲ್ಲ ಇದೇ ತುಂಬಿದೆ ಎಂದಂತೆ!

ರಕ್ತದ ಪಿಎಚ್ 7.35ರಿಂದ 7.45ರೊಳಗೆ ಇರುತ್ತದೆ. ಆಮ್ಲ ಬಂದರೆ ರಕ್ತದ ಬೈಕಾರ್ಬನೇಟ್ ಅದನ್ನು ಹಿಡಿದು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ, ಶ್ವಾಸಕೋಶ ಅದನ್ನು ಊದಿ ಬಿಡುತ್ತದೆ. ದಾದರ್ ನಿಲ್ದಾಣದ ಪ್ಲಾಟ್‌ಫಾರಂ ನೆನಪಿಸಿಕೊಳ್ಳಿ: ಮೆಟ್ಟಿಲಿನಿಂದ ಜನ ಇಳಿಯುತ್ತಲೇ ಇರುತ್ತಾರೆ, ಲೋಕಲ್ ರೈಲು ಅವರನ್ನು ಹೊತ್ತೊಯ್ಯುತ್ತಲೇ ಇರುತ್ತದೆ, ಹಾಗಾಗಿ ಗುಂಪು ಹೆಚ್ಚುಕಡಿಮೆ ಅಷ್ಟೇ. ಶ್ವಾಸಕೋಶದ ಗಾಡಿ ನಿಮಿಷಗಳಲ್ಲಿ ಬರುತ್ತದೆ. ಮೂತ್ರಪಿಂಡದ್ದು ನಿಧಾನ, ಗಂಟೆಗಳಿಂದ ದಿನಗಳವರೆಗೆ. ಬೇಳೆ, ಮೀನಿನ ಪ್ರೋಟೀನಿನಿಂದ ಹುಟ್ಟುವ ಸಲ್ಫ್ಯೂರಿಕ್ ಆಮ್ಲದ ಹೊರೆಯನ್ನು ಇಳಿಸುವುದು ಅದೇ.

ರಕ್ತವನ್ನು ನಿಜವಾಗಿ ಕ್ಷಾರದತ್ತ ತಳ್ಳಬಹುದು. ಗಾಬರಿಯಿಂದ ಒಬ್ಬರು ಏದುಸಿರು ಬಿಡುತ್ತಲೇ ಇದ್ದರೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗಿ ಪಿಎಚ್ ಏರುತ್ತದೆ. ಆಗ ಆರೋಗ್ಯ ಕಾಣಿಸುವುದಿಲ್ಲ. ತುಟಿ ಜುಮ್ಮೆನ್ನುತ್ತದೆ, ಬೆರಳುಗಳು ಸೆಟೆದುಕೊಳ್ಳುತ್ತವೆ, ತಲೆ ತಿರುಗುತ್ತದೆ.

ನಿಂಬೆಯನ್ನು ಹಳಿಯುತ್ತಿಲ್ಲ. ಮೂತ್ರಕ್ಕೆ ಇಳಿದ ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದುಕೊಂಡು ಕೆಲವು ಬಗೆಯ ಕಲ್ಲು ಕಟ್ಟದಂತೆ ತಡೆಯುತ್ತದೆ. ಹಲ್ಲಿನ ಎನಾಮಲ್‌ಗೆ ಮಾತ್ರ ಅದು ಶುದ್ಧ ಆಮ್ಲ. ಮೂತ್ರಪಿಂಡ ಸೋತವರಿಗಂತೂ ರಾಶಿ ಸೊಪ್ಪು, ಹಣ್ಣಿನ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ ತರಬಹುದು.

ಅಕ್ಕ ಉಳಿದ ಪಟ್ಟಿಯೊಂದನ್ನು ತಮ್ಮ ನಿಂಬೆನೀರಿಗೇ ಅದ್ದಿದರು. ಕೆಂಪಾಯಿತು.